ಫ್ರಿಜ್, ಫೋನ್ ಕೆಟ್ಟಾಗ ರಿಪೇರಿಯೋ, ಹೊಸದೋ? ಎಕ್ಸ್‌ಟೆಂಡೆಡ್ ವಾರಂಟಿಯಿಂದ ಲಾಭವುಂಟೇ? ಪದೇ ಪದೇ ಕೇಳುವ ಪ್ರಶ್ನೆಗಳು

ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸದನ್ನೇ ಕೊಳ್ಳಬೇಕು ಎನ್ನುತ್ತಾರೆ. ಅದು ಸರಿಯಾದ ನಿಯಮವೇ?

ಅಂದಾಜಿಗೆ ಸಾಕು, ತೀರ್ಮಾನಕ್ಕೆ ಸಾಲದು. ಆ ನಿಯಮ ವಸ್ತುವಿನ ವಯಸ್ಸನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೂರು ವರ್ಷದ ಫ್ರಿಜ್ಜಿಗೆ ಎಂಟು ಸಾವಿರ ಹಾಕುವುದಕ್ಕೂ ಹನ್ನೊಂದು ವರ್ಷದ ಫ್ರಿಜ್ಜಿಗೆ ಅಷ್ಟೇ ಹಣ ಹಾಕುವುದಕ್ಕೂ ಬಹಳ ವ್ಯತ್ಯಾಸವಿದೆ. ಹಾಕಿದ ಹಣಕ್ಕೆ ಎಷ್ಟು ವರ್ಷದ ಬಳಕೆ ಸಿಗುತ್ತದೆ ಎಂದು ಕೇಳಿಕೊಳ್ಳುವುದು ಮೇಲು. ರಿಪೇರಿಯ ಮೊತ್ತವನ್ನು ರಿಪೇರಿಯ ನಂತರ ಅದು ಬಾಳಬಹುದಾದ ವರ್ಷಗಳಿಂದ ಭಾಗಿಸಿ. ಹೊಸದರ ಬೆಲೆಯಲ್ಲಿ ಹಳೆಯದಕ್ಕೆ ಸಿಗುವ ಹಣವನ್ನು ಕಳೆದು, ಉಳಿದದ್ದನ್ನು ಹೊಸದು ಬಾಳುವ ವರ್ಷಗಳಿಂದ ಭಾಗಿಸಿ. ವರ್ಷಕ್ಕೆ ಯಾವುದು ಕಡಿಮೆ ಬೀಳುತ್ತದೆಯೋ ಅದರ ಕಡೆಗೆ ಮೊದಲ ಒಲವಿರಲಿ.

ಆದರೆ ಈ ಲೆಕ್ಕ ಹಾಕುವ ಮುನ್ನ ಕೆಟ್ಟಿರುವುದು ಯಾವ ಭಾಗ ಎಂಬುದು ಖಚಿತವಾಗಿ ತಿಳಿದಿರಬೇಕು. ಜನರು ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಭಾಗಾಕಾರ ಸರಿಯಾಗಿಯೇ ಇರುತ್ತದೆ, ಆದರೆ ಅದಕ್ಕೆ ಕೊಟ್ಟ ರಿಪೇರಿಯ ಮೊತ್ತ ಬೇರೆ ಯಾವುದೋ ದೋಷದ್ದಾಗಿರುತ್ತದೆ. ಆದ್ದರಿಂದ ಈ ಪುಟದಲ್ಲಿ ಫ್ರಿಜ್ಜಿನ ದೋಷ ಪತ್ತೆಗೆ ಹೆಚ್ಚು ಜಾಗ ಕೊಡಲಾಗಿದೆ. ಮನೆಯ ಉಪಕರಣಗಳಲ್ಲಿ ತಪ್ಪು ಅಂದಾಜಿಗೆ ಅತಿ ಹೆಚ್ಚು ಗುರಿಯಾಗುವುದು ಅದೇ ಎಂಬುದು ನನ್ನ ಅನುಭವ.

ಡಬಲ್ ಡೋರ್ ಫ್ರಿಜ್. ಮೇಲೆ ಐಸ್ ಆಗುತ್ತದೆ, ಕೆಳಗೆ ಹಾಲು ಒಡೆಯುತ್ತದೆ. ಮೆಕ್ಯಾನಿಕ್ ಕಂಪ್ರೆಸರ್ ಹೋಗಿದೆ ಎನ್ನುತ್ತಾರೆ. ನಂಬಬಹುದೇ?

ಮೇಲಿನ ಫ್ರೀಜರ್ ಚೆನ್ನಾಗಿ ತಣ್ಣಗಿದ್ದು ಕೆಳಗಿನ ಭಾಗ ಮಾತ್ರ ಬೆಚ್ಚಗಾಗುತ್ತಿದ್ದರೆ ಕಂಪ್ರೆಸರ್ ಮೇಲೆ ಅನುಮಾನ ಪಡಲು ಕಾರಣ ಕಡಿಮೆ. ಹಿಮ ತಾನಾಗಿಯೇ ಕರಗುವ ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ತಣ್ಣಗಾಗುವ ಕಾಯಿಲ್ ಫ್ರೀಜರಿನ ಹಿಂಬದಿಯ ಫಲಕದ ಒಳಗಿರುತ್ತದೆ, ಅಲ್ಲಿಂದ ಒಂದು ಫ್ಯಾನ್ ಗಾಳಿಯನ್ನು ಕೆಳಗಿನ ಭಾಗಕ್ಕೆ ತಳ್ಳುತ್ತದೆ. ಕಾಯಿಲ್ ಮೇಲೆ ಕಟ್ಟುವ ಹಿಮವನ್ನು ಡಿಫ್ರಾಸ್ಟ್ ಹೀಟರ್ ದಿನದಲ್ಲಿ ಒಂದೆರಡು ಬಾರಿ ಕರಗಿಸಬೇಕು. ಆ ಹೀಟರ್, ಅದು ಅತಿಯಾಗಿ ಬಿಸಿಯಾಗದಂತೆ ನೋಡಿಕೊಳ್ಳುವ ಬೈಮೆಟಲ್ ಅಥವಾ ಥರ್ಮಲ್ ಫ್ಯೂಸ್, ಅಥವಾ ಅದಕ್ಕೆ ಸಮಯ ನಿಗದಿ ಮಾಡುವ ಟೈಮರ್ ಕೆಟ್ಟರೆ ಹಿಮ ಗಟ್ಟಿಯಾಗಿ ಬೆಳೆದು ಗಾಳಿಯ ದಾರಿಯನ್ನು ಮುಚ್ಚುತ್ತದೆ. ಆಗ ಮೇಲೆ ಐಸ್ ಇರುತ್ತದೆ, ಕೆಳಗೆ ಹಾಲು ಕೆಡುತ್ತದೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಫ್ರಿಜ್ ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು, ಕೆಳಗೆ ಹಳೆಯ ಬಟ್ಟೆ ಹಾಸಿ ಪೂರ್ತಿ ಒಂದು ದಿನ ಬಿಡಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಐಸ್ ಕೆರೆಯಬೇಡಿ. ಮರುದಿನ ಚಾಲೂ ಮಾಡಿದಾಗ ಎರಡೂ ಭಾಗ ಸರಿಯಾಗಿ ತಣ್ಣಗಾಗಿ, ಕೆಲವು ದಿನ ಅಥವಾ ಒಂದು ವಾರ ಚೆನ್ನಾಗಿ ನಡೆದು, ಆಮೇಲೆ ಕೆಳಭಾಗ ಮತ್ತೆ ಬೆಚ್ಚಗಾದರೆ ದೋಷ ಡಿಫ್ರಾಸ್ಟ್ ವ್ಯವಸ್ಥೆಯಲ್ಲಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಮೊದಲ ದಿನದಿಂದಲೇ ಕೆಳಭಾಗಕ್ಕೆ ಗಾಳಿ ಬರುತ್ತಿಲ್ಲವೆಂದರೆ ಫ್ಯಾನ್ ನೋಡಿಸಬೇಕು. ಮೇಲೂ ತಣ್ಣಗಾಗದಿದ್ದರೆ ಮಾತ್ರ ಗ್ಯಾಸ್ ಅಥವಾ ಕಂಪ್ರೆಸರ್ ಮಾತು.

ಕಂಪ್ರೆಸರ್ ಶಬ್ದವೇ ಬರದೆ ಕೆಲವು ನಿಮಿಷಕ್ಕೊಮ್ಮೆ ‘ಟಿಕ್’ ಎಂದು ನಿಲ್ಲುತ್ತಿದ್ದರೂ ಅದು ಸತ್ತೇ ಹೋಗಿದೆ ಎಂದಲ್ಲ. ಸಾಮಾನ್ಯ ಕಂಪ್ರೆಸರಿನ ಪಕ್ಕದಲ್ಲಿರುವ ರಿಲೇ ಮತ್ತು ಓವರ್‌ಲೋಡ್ ಎಂಬ ಚಿಕ್ಕ ಭಾಗಗಳು ಕೆಟ್ಟರೂ ಹೀಗೆಯೇ ಆಗುತ್ತದೆ. ಅವುಗಳ ಬೆಲೆ ನೂರರ ಲೆಕ್ಕದಲ್ಲಿರುತ್ತದೆ, ಸಾವಿರದ ಲೆಕ್ಕದಲ್ಲಲ್ಲ. ರಿಲೇ ಬದಲಿಸಿ ನೋಡದೆ, ಕಂಪ್ರೆಸರಿನೊಳಗಿನ ಮೋಟಾರಿನ ತಂತಿಸುತ್ತಾದ ವೈಂಡಿಂಗನ್ನು ಮೀಟರಿನಲ್ಲಿ ಅಳೆಯದೆ ಕಂಪ್ರೆಸರ್ ಹೋಗಿದೆ ಎಂದವರ ಮಾತಿಗೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ತಪ್ಪಲ್ಲ.

‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿದರೆ ಸಾಕು’ ಎಂದರೆ?

ಗ್ಯಾಸ್ ಪೆಟ್ರೋಲಿನಂತೆ ಬಳಸಿ ಮುಗಿಯುವ ವಸ್ತುವಲ್ಲ. ಫ್ರಿಜ್ಜಿನ ಕೊಳವೆಗಳು ಪೂರ್ತಿ ಮುಚ್ಚಿದ ಸುತ್ತು, ಅದರೊಳಗೆ ಒಮ್ಮೆ ತುಂಬಿದ ಗ್ಯಾಸ್ ಫ್ರಿಜ್ಜಿನ ಆಯುಷ್ಯವಿಡೀ ಇರಬೇಕು. ಅದು ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಕೆಲವು ವಾರ ಅಥವಾ ತಿಂಗಳಲ್ಲಿ ಮತ್ತೆ ಹೋಗುತ್ತದೆ. ಆಗ ಇನ್ನೊಂದು ಬಿಲ್ ಬರುತ್ತದೆ.

ಸರಿಯಾದ ಕೆಲಸಕ್ಕೆ ಒಂದು ಕ್ರಮವಿದೆ. ಕೊಳವೆಗೆ ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೀರು ಹಚ್ಚಿ ಗುಳ್ಳೆ ಏಳುವ ಜಾಗವನ್ನು ಹುಡುಕಬೇಕು, ಅದನ್ನು ಬೆಸೆಯಬೇಕು, ತೇವ ಮತ್ತು ಕಸವನ್ನು ಹಿಡಿದಿಡುವ ಫಿಲ್ಟರ್ ಡ್ರೈಯರ್ ಹೊಸದು ಹಾಕಬೇಕು, ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ ಮತ್ತು ತೇವವನ್ನು ಎಳೆಯಬೇಕು, ಕೊನೆಗೆ ಫ್ರಿಜ್ಜಿನ ಲೇಬಲ್ ಮೇಲೆ ಬರೆದಿರುವಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಬೇಕು. ಇಂದಿನ ಮನೆಬಳಕೆಯ ಫ್ರಿಜ್ಜುಗಳಲ್ಲಿ ಸಾಮಾನ್ಯವಾಗಿರುವ ಆರ್-600ಎ ಎಂಬ ಗ್ಯಾಸ್ ಕೆಲವು ಹತ್ತು ಗ್ರಾಂ ಮಾತ್ರ ಇರುತ್ತದೆ, ಹಾಗಾಗಿ ಹತ್ತು ಗ್ರಾಂ ಹೆಚ್ಚುಕಡಿಮೆಯಾದರೂ ತಂಪು ಕೆಡುತ್ತದೆ. ಅದು ಬೆಂಕಿ ಹತ್ತುವ ಗ್ಯಾಸ್ ಆದ್ದರಿಂದ ಮುಚ್ಚಿದ ಅಡುಗೆಮನೆಯಲ್ಲಿ, ಉರಿಯುವ ಸ್ಟವ್ ಪಕ್ಕದಲ್ಲಿ ಈ ಕೆಲಸ ಮಾಡಿಸಬಾರದು. ಬರೀ ಒಂದು ಕ್ಯಾನ್ ಹಿಡಿದು ಬಂದವರಿಗೆ ‘ಡ್ರೈಯರ್ ಬದಲಿಸುತ್ತೀರಾ, ವ್ಯಾಕ್ಯೂಮ್ ಮಾಡುತ್ತೀರಾ, ತೂಕದ ಯಂತ್ರ ತಂದಿದ್ದೀರಾ?’ ಎಂಬ ಮೂರು ಪ್ರಶ್ನೆ ಕೇಳಿದರೆ ಸಾಕು, ಉತ್ತರದಲ್ಲೇ ಕೆಲಸದ ಗುಣ ತಿಳಿಯುತ್ತದೆ.

ಸೋರಿಕೆ ಎಲ್ಲಿದೆ ಎಂಬುದೇ ರಿಪೇರಿಯೋ ಹೊಸದೋ ಎಂಬುದನ್ನು ನಿರ್ಧರಿಸುತ್ತದೆ. ಕಂಪ್ರೆಸರಿನ ಹತ್ತಿರ ಕೈಗೆ ಸಿಗುವ ಬೆಸುಗೆಯಲ್ಲಿದ್ದರೆ ರಿಪೇರಿ ಬಾಳುತ್ತದೆ. ಫ್ರಿಜ್ಜಿನ ಗೋಡೆಯೊಳಗೆ, ಫೋಮಿನಲ್ಲಿ ಹುದುಗಿರುವ ಕೊಳವೆಯಲ್ಲಿದ್ದರೆ ಗೋಡೆ ಕೊರೆದು ಅಥವಾ ಹೊರಗಿನಿಂದ ಬೇರೆ ಕೊಳವೆ ಸುತ್ತಿ ಸರಿಪಡಿಸಬೇಕಾಗುತ್ತದೆ. ಏಳೆಂಟು ವರ್ಷದ ಫ್ರಿಜ್ಜಿಗೆ ಅಂತಹ ಕೆಲಸವನ್ನು ನಾನು ಮಾಡಿಸುವುದಿಲ್ಲ.

ಕಂಪ್ರೆಸರಿಗೆ 10 ವರ್ಷ ವಾರಂಟಿ ಇದೆ. ಹಾಗಾದರೆ ಕಂಪ್ರೆಸರ್ ಹೋದರೂ ಖರ್ಚಿಲ್ಲ, ಅಲ್ಲವೇ?

ಖರ್ಚಿದೆ. ಸಾಮಾನ್ಯವಾಗಿ ಆ ವಾರಂಟಿ ಕಂಪ್ರೆಸರ್ ಎಂಬ ಭಾಗಕ್ಕೆ ಮಾತ್ರ ಅನ್ವಯಿಸುತ್ತದೆ. ಒಂದು ವರ್ಷದ ಪೂರ್ತಿ ವಾರಂಟಿ ಮುಗಿದ ಮೇಲೆ ಗ್ಯಾಸ್, ಡ್ರೈಯರ್, ಕೂಲಿ, ಮನೆಗೆ ಬರುವ ಶುಲ್ಕ, ಕೆಲವೊಮ್ಮೆ ಸಾಗಣೆ ಎಲ್ಲವನ್ನೂ ಗ್ರಾಹಕರೇ ಕೊಡಬೇಕು. ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರ್ ಇರುವ ಫ್ರಿಜ್ಜಿನಲ್ಲಿ ಅದನ್ನು ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಬೇರೆ ಭಾಗವೆಂದೇ ಗಣನೆಯಾಗುತ್ತದೆ, ವೋಲ್ಟೇಜ್ ಏರಿಳಿತಕ್ಕೆ ಸಿಡಿಲಿನ ದಿನಗಳಲ್ಲಿ ಮೊದಲು ಸುಡುವುದೂ ಅದೇ. ಅದಕ್ಕೂ ದೀರ್ಘ ವಾರಂಟಿ ಇದೆಯೇ ಎಂದು ವಾರಂಟಿ ಕಾರ್ಡಿನಲ್ಲಿ ನೋಡಿಕೊಳ್ಳಿ. ಆದರೂ ಈ ವಾರಂಟಿಯನ್ನು ಮರೆಯಬಾರದು. ಹಳೆಯ ಬಿಲ್ ಸಿಕ್ಕಿದರೆ ಅಂದಾಜಿನಲ್ಲಿ ಹಲವು ಸಾವಿರ ಇಳಿಯಬಹುದು. ಕೊಂಡ ದಿನವೇ ಬಿಲ್ಲಿನ ಫೋಟೊ ತೆಗೆದಿಡಿ, ಅಂಗಡಿಯವರು ಕೊಡುವ ಥರ್ಮಲ್ ಕಾಗದದ ಅಕ್ಷರ ಎರಡು ಮೂರು ವರ್ಷದಲ್ಲಿ ಮಾಸಿಹೋಗುತ್ತದೆ.

ಒಂದು ಪೂರ್ತಿ ಲೆಕ್ಕ ತೋರಿಸಬಹುದೇ?

ನಮ್ಮ ಮನೆಯದೇ ಲೆಕ್ಕ. 240 ಲೀಟರಿನ, ಎಂಟು ವರ್ಷದ ಡಬಲ್ ಡೋರ್ ಫ್ರಿಜ್ಜಿನಲ್ಲಿ ಕೆಳಭಾಗ ತಣ್ಣಗಾಗುವುದು ನಿಂತಿತು. ಬಂದ ಮೊದಲ ಮೆಕ್ಯಾನಿಕ್ ಕಂಪ್ರೆಸರ್ ಮತ್ತು ಗ್ಯಾಸ್ ಸೇರಿ 9,800 ರೂಪಾಯಿ ಎಂದರು. ಅದೇ ಗಾತ್ರದ ಹೊಸ ಫ್ರಿಜ್ಜಿಗೆ ಅಂಗಡಿಯಲ್ಲಿ 29,000 ರೂಪಾಯಿ ಹೇಳಿದರು, ಹಳೆಯದಕ್ಕೆ 2,000 ಕಳೆಯುವುದಾಗಿ ಒಪ್ಪಿದರು.

ಹೊಸದು 12 ವರ್ಷ ಬಾಳುತ್ತದೆಂದು ಇಟ್ಟುಕೊಂಡರೆ 27,000 ರೂಪಾಯಿ ವರ್ಷಕ್ಕೆ 2,250 ಆಗುತ್ತದೆ. ರಿಪೇರಿಯಾದ ಹಳೆಯದು ಇನ್ನು ನಾಲ್ಕು ವರ್ಷ ಬಾಳುತ್ತದೆಂದರೆ 9,800 ರೂಪಾಯಿ ವರ್ಷಕ್ಕೆ 2,450 ಆಗುತ್ತದೆ. ಜೊತೆಗೆ ಎಂಟು ವರ್ಷದ ಫ್ರಿಜ್ಜಿನ ಬಾಗಿಲ ರಬ್ಬರು, ಥರ್ಮೋಸ್ಟ್ಯಾಟ್ ಯಾವುದು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಈ ಅಂಕಿಗಳ ಪ್ರಕಾರ ಹೊಸದೇ ಸರಿ, ನಾವು ಮುಂಗಡ ಕೊಡಲು ಹೊರಟೂ ಇದ್ದೆವು.

ಅಷ್ಟರಲ್ಲಿ ಒಂದು ದಿನ ಬಾಗಿಲು ತೆರೆದಿಟ್ಟು ಹಿಮ ಕರಗಿಸಿದ ಮೇಲೆ ಫ್ರಿಜ್ ಆರು ದಿನ ಏನೂ ಆಗಿಲ್ಲವೆಂಬಂತೆ ನಡೆಯಿತು. ಏಳನೆಯ ದಿನ ಮತ್ತೆ ಕೆಳಗೆ ಬೆಚ್ಚಗಾಯಿತು. ಎರಡನೆಯ ಮೆಕ್ಯಾನಿಕ್ ಫ್ರೀಜರಿನ ಫಲಕ ಬಿಚ್ಚಿ ಥರ್ಮಲ್ ಫ್ಯೂಸ್ ಹಾರಿರುವುದನ್ನು ಮೀಟರಿನಲ್ಲಿ ತೋರಿಸಿದರು. ಫ್ಯೂಸ್, ಬೈಮೆಟಲ್, ಕೂಲಿ ಎಲ್ಲ ಸೇರಿ 1,700 ರೂಪಾಯಿ. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 425. ಎರಡು ವರ್ಷವೇ ಬಾಳಿದರೂ 850. ಭಾಗಿಸುವ ಸೂತ್ರ ಎರಡೂ ಸಲ ಒಂದೇ ಇತ್ತು, ಉತ್ತರ ತಲೆಕೆಳಗಾದದ್ದು ದೋಷದ ಹೆಸರು ಬದಲಾದದ್ದರಿಂದ.

ಹೊಸದು ಕೊಂಡರೆ ಕರೆಂಟ್ ಬಿಲ್ ಉಳಿಯುತ್ತದೆ ಎನ್ನುತ್ತಾರಲ್ಲ?

ಉಳಿಯಬಹುದು, ಆದರೆ ಅಂಗಡಿಯವರು ಹೇಳುವಷ್ಟಲ್ಲ. ಫ್ರಿಜ್ಜಿನ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಮುದ್ರಿಸಿರುತ್ತಾರೆ. ಹಳೆಯದು 320, ಹೊಸದು 200 ಎಂದಿದ್ದರೆ ವ್ಯತ್ಯಾಸ 120 ಯೂನಿಟ್. ಯೂನಿಟ್ಟಿಗೆ ಸುಮಾರು 6 ರೂಪಾಯಿಯಂತೆ ವರ್ಷಕ್ಕೆ 720 ರೂಪಾಯಿ. ಇಷ್ಟು ಉಳಿತಾಯಕ್ಕಾಗಿಯೇ ಸುಸ್ಥಿತಿಯ ಫ್ರಿಜ್ಜನ್ನು ಬದಲಿಸುವುದು ಲೆಕ್ಕಕ್ಕೆ ಬರುವುದಿಲ್ಲ. ಸ್ಟಾರ್‌ಗಳ ಸಂಖ್ಯೆಯನ್ನು ಮಾತ್ರ ಹೋಲಿಸಬೇಡಿ, ಮಾನದಂಡವನ್ನು ಆಗಾಗ ಬಿಗಿಗೊಳಿಸುವುದರಿಂದ ಹಳೆಯ ಐದು ಸ್ಟಾರ್ ಇಂದಿನ ಐದು ಸ್ಟಾರ್ ಅಲ್ಲ. ಯೂನಿಟ್ ಸಂಖ್ಯೆಯನ್ನೇ ನೋಡಿ.

ಕರ್ನಾಟಕದಲ್ಲಿ ಗೃಹಜ್ಯೋತಿ ಇರುವ ಮನೆಗಳಿಗೆ ಈ ಲೆಕ್ಕ ಬೇರೆಯಾಗುತ್ತದೆ. ಬಿಲ್ ಸೊನ್ನೆ ಬರುತ್ತಿರುವ ಮನೆಯಲ್ಲಿ ಯೂನಿಟ್ ಉಳಿದರೂ ರೂಪಾಯಿ ಉಳಿಯುವುದಿಲ್ಲ. ಆದರೆ ಕೆಟ್ಟ ಫ್ರಿಜ್ ಅಲ್ಲಿ ಹೆಚ್ಚು ಅಪಾಯಕಾರಿ. ಗ್ಯಾಸ್ ಸೋರಿ ಕಂಪ್ರೆಸರ್ ನಿಲ್ಲದೆ ಓಡುತ್ತಿದ್ದರೆ, 100 ವ್ಯಾಟ್ ಎಳೆಯುವ ಫ್ರಿಜ್ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ತಿನ್ನುತ್ತದೆ. ಸರಿಯಿದ್ದಾಗ ಅದೇ ಫ್ರಿಜ್ಜಿಗೆ 20ರಿಂದ 25 ಸಾಕಾಗಿರುತ್ತದೆ. ಆ ಹೆಚ್ಚುವರಿ ಐವತ್ತು ಯೂನಿಟ್ಟಿನಿಂದ ತಿಂಗಳ ಬಳಕೆ 200 ದಾಟಿದರೆ ಆ ತಿಂಗಳ ಇಡೀ ಬಿಲ್ ಕಟ್ಟಬೇಕು. ಫ್ರಿಜ್ ಹಗಲೂ ರಾತ್ರಿ ಗುಂಯ್ಗುಡುತ್ತಿದೆ, ಅದರ ಎರಡೂ ಬದಿಗಳು ಎಂದಿನಂತೆ ಬೆಚ್ಚಗಾಗುತ್ತಿಲ್ಲ ಎನಿಸಿದರೆ ‘ಹೇಗೋ ನಡೆಯುತ್ತಿದೆಯಲ್ಲ’ ಎಂದು ಮುಂದೂಡಬೇಡಿ.

ಫೋನಿಗೂ ಇದೇ ಲೆಕ್ಕವೇ?

ಲೆಕ್ಕ ಅದೇ, ಆದರೆ ಫೋನಿನ ಆಯುಷ್ಯವನ್ನು ನಿರ್ಧರಿಸುವುದು ಅದರ ಭಾಗಗಳಿಗಿಂತ ಹೆಚ್ಚಾಗಿ ಸಾಫ್ಟ್‌ವೇರ್. ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಸೆಕ್ಯುರಿಟಿ ಅಪ್‌ಡೇಟಿನ ದಿನಾಂಕ ನೋಡಿ, ಕಂಪನಿ ಆ ಮಾದರಿಗೆ ಎಲ್ಲಿಯವರೆಗೆ ಅಪ್‌ಡೇಟ್ ಕೊಡುವುದಾಗಿ ಹೇಳಿದೆ ಎಂಬುದನ್ನೂ ಹುಡುಕಿ. ಕೆಲವು ದುಬಾರಿ ಮಾದರಿಗಳಿಗೆ ಈಗ ಏಳು ವರ್ಷದ ಭರವಸೆ ಇದೆ, ಕಡಿಮೆ ಬೆಲೆಯ ಹಲವಕ್ಕೆ ಎರಡು ಮೂರು ವರ್ಷ ಮಾತ್ರ. ಅಪ್‌ಡೇಟ್ ನಿಂತು ಬಹುಕಾಲವಾದ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವವರು ಅದಕ್ಕೆ ಹೊಸ ಡಿಸ್‌ಪ್ಲೇ ಹಾಕಿಸುವುದು ನನಗೆ ಸರಿಕಾಣುವುದಿಲ್ಲ.

ಬ್ಯಾಟರಿ ಬದಲಿಸುವುದು ಬಹುಮಟ್ಟಿಗೆ ಲಾಭದ ಕೆಲಸ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ಪೂರ್ತಿ ಚಾರ್ಜ್ ಆದ ಮೇಲೆ ಸವೆಯುವುದು ಸಹಜ. ಫೋನ್ ಬೇರೆಲ್ಲ ರೀತಿಯಲ್ಲಿ ಚೆನ್ನಾಗಿದ್ದು, ಇನ್ನೆರಡು ವರ್ಷ ಅಪ್‌ಡೇಟ್ ಇದ್ದರೆ ಎರಡು ಸಾವಿರದ ಬ್ಯಾಟರಿ ವರ್ಷಕ್ಕೆ ಸಾವಿರವಾಯಿತು. ಅದೇ ದರ್ಜೆಯ ಹೊಸ ಫೋನಿನ ವಾರ್ಷಿಕ ಖರ್ಚು ಅದರ ಹಲವು ಪಟ್ಟು. ಹಿಂಬದಿ ಉಬ್ಬಿದ್ದರೆ, ಡಿಸ್‌ಪ್ಲೇ ಅಂಚಿನಿಂದ ಮೇಲೆದ್ದಿದ್ದರೆ ಮಾತ್ರ ಕಾಯಬೇಡಿ, ಚಾರ್ಜ್ ಹಾಕುವುದನ್ನೂ ನಿಲ್ಲಿಸಿ.

ಡಿಸ್‌ಪ್ಲೇ ವಿಷಯದಲ್ಲಿ ಅಮೋಲೆಡ್ ಇದ್ದ ಫೋನಿಗೆ ಅಗ್ಗದ ಎಲ್‌ಸಿಡಿ ಹಾಕುವ ಅಂಗಡಿಗಳಿವೆ, ಬೆಲೆ ಅರ್ಧಕ್ಕಿಂತ ಕಡಿಮೆ ಎಂದಾಗ ಅದನ್ನು ನೇರವಾಗಿ ಕೇಳಿ. ಹಾಗೆ ಹಾಕಿದರೆ ಡಿಸ್‌ಪ್ಲೇಯಲ್ಲೇ ಬೆರಳಚ್ಚು ಓದುವ ಸೌಲಭ್ಯ ಹೋಗಬಹುದು. ನೀರು ಹೊಕ್ಕು ಬೋರ್ಡ್ ಕೆಟ್ಟಿದ್ದರೆ ಫೋನನ್ನು ಉಳಿಸಲು ಅಲ್ಲ, ಒಳಗಿನ ಫೋಟೊಗಳನ್ನು ಉಳಿಸಿಕೊಳ್ಳಲು ಮಾತ್ರ ಖರ್ಚು ಮಾಡಿ. ತುಕ್ಕು ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಮುಂದುವರಿಯುತ್ತದೆ.

ಎಕ್ಸ್‌ಟೆಂಡೆಡ್ ವಾರಂಟಿಯಿಂದ ಲಾಭವುಂಟೇ?

ಹೆಚ್ಚಿನ ಫ್ರಿಜ್, ವಾಷಿಂಗ್ ಮೆಷಿನ್, ಮಿಕ್ಸಿಗಳಿಗೆ ಇಲ್ಲ. ಅದನ್ನು ತಿಳಿಯಲು ಒಂದೇ ಭಾಗಾಕಾರ ಸಾಕು: ವಾರಂಟಿಯ ಬೆಲೆಯನ್ನು, ಆ ಅವಧಿಯಲ್ಲಿ ಕೆಟ್ಟರೆ ನಿಮಗೆ ಬರಬಹುದಾದ ಸಾಮಾನ್ಯ ಬಿಲ್ಲಿನಿಂದ ಭಾಗಿಸಿ. ಬಂದ ಉತ್ತರಕ್ಕಿಂತ ಕೆಡುವ ಸಂಭವ ಹೆಚ್ಚಿದೆ ಎನಿಸಿದರೆ ಮಾತ್ರ ಕೊಳ್ಳಿ.

30,000 ರೂಪಾಯಿಯ ಫ್ರಿಜ್ಜಿಗೆ ಎರಡನೆಯ ಮತ್ತು ಮೂರನೆಯ ವರ್ಷಕ್ಕೆ 2,700 ಕೇಳುತ್ತಾರೆಂದು ಇಟ್ಟುಕೊಳ್ಳಿ. ಕಂಪ್ರೆಸರಿಗೆ ಹೇಗೂ ಬೇರೆ ವಾರಂಟಿ ಇದೆ. ಉಳಿದದ್ದು ಫ್ಯಾನ್, ಹೀಟರ್, ಬೋರ್ಡ್, ಗ್ಯಾಸ್. ಸಾಮಾನ್ಯ ಬಿಲ್ 3,000 ಎಂದರೆ 2,700 ಭಾಗ 3,000, ಅಂದರೆ ಶೇ 90. ಹತ್ತರಲ್ಲಿ ಒಂಬತ್ತು ಫ್ರಿಜ್ಜುಗಳು ಆ ಎರಡು ವರ್ಷದಲ್ಲೇ ಕೆಟ್ಟರೆ ಮಾತ್ರ ಗ್ರಾಹಕರಿಗೆ ಸಮ. ಬಿಲ್ 6,000 ಎಂದು ಹಿಗ್ಗಿಸಿದರೂ ಶೇ 45 ಬರುತ್ತದೆ. ಅಷ್ಟು ಕೆಡುವ ಫ್ರಿಜ್ಜನ್ನು ವಾರಂಟಿ ಸಮೇತವೂ ಯಾರೂ ಕೊಳ್ಳಬಾರದು. ಆ 2,700ರಲ್ಲಿ ಶೇ 18ರ ಜಿಎಸ್‌ಟಿಯೇ 412 ರೂಪಾಯಿ, ಅಂಗಡಿಯ ಕಮಿಷನ್ ಬೇರೆ. ಬಿಲ್ ಹಾಕುವ ಹೊತ್ತಿಗೆ ಮಾರಾಟಗಾರರು ಅದನ್ನೇ ಒತ್ತಾಯಿಸುವುದಕ್ಕೆ ಕಾರಣ ಇದೇ.

ಹಾಗಾದರೆ ಯಾವುದಕ್ಕೂ ಬೇಡವೇ?

ಒಂದು ಭಾಗ ಕೆಟ್ಟರೆ ಇಡೀ ವಸ್ತುವಿನ ಬೆಲೆಗೆ ಹತ್ತಿರ ಖರ್ಚಾಗುವಂಥದ್ದಕ್ಕೆ ಯೋಚಿಸಬಹುದು. ದೊಡ್ಡ ಟಿವಿ ಅದಕ್ಕೆ ಉದಾಹರಣೆ. 60,000ದ ಟಿವಿಯ ಪ್ಯಾನೆಲ್ ಬದಲಿಸಲು 35,000 ಆಗುವುದಾದರೆ, 4,000 ರೂಪಾಯಿಯ ವಾರಂಟಿಗೆ ಸಮವಾಗುವ ಬಿಂದು ಸುಮಾರು ಶೇ 11. ಇಲ್ಲಿ ಮನಸ್ಸಿನ ನೆಮ್ಮದಿಗಾಗಿ ಕೊಟ್ಟರೂ ಪೂರ್ತಿ ನಷ್ಟವೆನ್ನಲಾಗದು. ಮಗು ಆಟಿಕೆ ಎಸೆದು ಒಡೆದ ಪ್ಯಾನೆಲ್ ಮಾತ್ರ ಸಾಮಾನ್ಯವಾಗಿ ಇದರಲ್ಲಿ ಸೇರುವುದಿಲ್ಲ.

ಫೋನಿನ ಡಿಸ್‌ಪ್ಲೇ ರಕ್ಷಣೆಯ ಯೋಜನೆ ಬೇರೆ ಬಗೆಯದು, ಅದು ಬೀಳುವುದಕ್ಕೆ ಸಂಬಂಧಿಸಿದ್ದು. ಯೋಜನೆಗೆ 1,800, ಕ್ಲೇಮ್ ಮಾಡುವಾಗ ನಿಮ್ಮ ಪಾಲು 700, ಡಿಸ್‌ಪ್ಲೇ ಬೆಲೆ 7,000 ಎಂದರೆ ನಿಮಗೆ ಉಳಿಯುವುದು 6,300. 1,800 ಭಾಗ 6,300 ಎಂದರೆ ಸುಮಾರು ಶೇ 29. ಕೊಂಡ ವರ್ಷದಲ್ಲೇ ಫೋನ್ ಒಡೆದುಕೊಳ್ಳುವ ಅಭ್ಯಾಸ ಮೂರು ಫೋನಿಗೊಂದರಂತೆ ಇದ್ದವರಿಗೆ ಲಾಭ. ನನಗೆ ಲಾಭವಿಲ್ಲ, ನಮ್ಮ ಮನೆಯ ಕಿರಿಯರಿಗೆ ಖಂಡಿತ ಇದೆ.

ಕೊಳ್ಳುವುದಾದರೆ ಷರತ್ತುಗಳಲ್ಲಿ ಏನು ಓದಬೇಕು?

ಮೊದಲು, ವಾರಂಟಿ ಕೊಡುತ್ತಿರುವವರು ವಸ್ತು ತಯಾರಿಸಿದ ಕಂಪನಿಯೋ ಅಥವಾ ಮೂರನೆಯ ಸಂಸ್ಥೆಯೋ ಎಂದು ನೋಡಿ. ಮೂರನೆಯ ಸಂಸ್ಥೆಯಾದರೆ ಅಸಲಿ ಬಿಡಿಭಾಗ ಹಾಕುವ ಹೊಣೆ ಯಾರದ್ದು, ನಿಮ್ಮ ಊರಿಗೆ ಮೆಕ್ಯಾನಿಕ್ ಬರುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಬೆಂಗಳೂರಿನಲ್ಲಿ ಮಾರಿದ ವಾರಂಟಿಯಿಂದ ಶಿರಸಿಯ ಹಳ್ಳಿಯ ಮನೆಗೆ ಸೇವೆ ಸಿಗುತ್ತದೆಯೇ ಎಂಬುದು ಸಣ್ಣ ವಿಚಾರವಲ್ಲ.

ಆಮೇಲೆ, ರಿಪೇರಿ ಆಗದಿದ್ದರೆ ಏನು ಕೊಡುತ್ತಾರೆ ಎಂಬ ಸಾಲನ್ನು ಹುಡುಕಿ. ಬಹಳ ಕಡೆ ಹೊಸ ವಸ್ತುವಲ್ಲ, ವರ್ಷಕ್ಕಿಷ್ಟು ಎಂದು ಸವಕಳಿ ಕಳೆದ ಮೊತ್ತ, ಅದೂ ಅದೇ ಅಂಗಡಿಯ ವೋಚರ್ ರೂಪದಲ್ಲಿ ಸಿಗುತ್ತದೆ. ಬಾಗಿಲ ರಬ್ಬರು, ಪ್ಲಾಸ್ಟಿಕ್ ಭಾಗ, ಬಲ್ಬು, ವೋಲ್ಟೇಜ್ ಏರಿಳಿತದ ಹಾನಿ, ಇಲಿ ಕಡಿದ ತಂತಿ ಇವೆಲ್ಲ ಹೊರಗಿನ ಪಟ್ಟಿಯಲ್ಲಿರುವುದು ಸಾಮಾನ್ಯ. ಮಲೆನಾಡಿನ ಮನೆಗಳಲ್ಲಿ ಫ್ರಿಜ್ ಕೆಡುವ ಕಾರಣಗಳೇ ಇವು.

ಬಿಲ್ಲಿಂಗ್ ಕೌಂಟರಿನಲ್ಲಿ ಆತುರದಿಂದ ತೀರ್ಮಾನಿಸಬೇಕಿಲ್ಲ. ಹಲವು ಕಂಪನಿಗಳು ಮೊದಲ ವರ್ಷದ ವಾರಂಟಿ ಮುಗಿಯುವ ಮುನ್ನ ಯಾವಾಗ ಬೇಕಾದರೂ ತಾವೇ ಮಾರುತ್ತವೆ. ಆ ಒಂದು ವರ್ಷದಲ್ಲಿ ವಸ್ತು ಹೇಗೆ ನಡೆಯಿತು ಎಂಬುದನ್ನು ನೋಡಿ ನಿರ್ಧರಿಸಬಹುದು.

ವಾರಂಟಿ ಇದ್ದೂ ರಿಪೇರಿ ಮಾಡಿಕೊಡದಿದ್ದರೆ?

ದೂರನ್ನು ಕಂಪನಿಗೆ ಇಮೇಲ್ ಮೂಲಕ ಕೊಟ್ಟು ಸಂಖ್ಯೆ ಪಡೆಯಿರಿ, ಫೋನಿನ ಮಾತು ದಾಖಲೆಯಾಗುವುದಿಲ್ಲ. ಮೆಕ್ಯಾನಿಕ್ ಬಂದು ಹೋದ ಪ್ರತಿ ಸಲ ಜಾಬ್ ಶೀಟ್ ಕೇಳಿ, ಅದರಲ್ಲಿ ದೋಷದ ಹೆಸರು ಬರೆಸಿ. ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು, ಕಂಪನಿಯ ಕಚೇರಿ ಎಲ್ಲಿದ್ದರೂ ಸರಿ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು.

ಹಳೆಯದನ್ನು ಕೊಡುವ ಮುನ್ನ?

ಫೋನಾದರೆ ಖಾತೆಗಳಿಂದ ಲಾಗ್‌ಔಟ್ ಆಗಿ, ಫ್ಯಾಕ್ಟರಿ ರೀಸೆಟ್ ಮಾಡಿ, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಿರಿ. ರಿಪೇರಿಗೆ ಕೊಡುವಾಗಲೂ ಮೊದಲು ಬ್ಯಾಕಪ್ ಮಾಡಿಕೊಳ್ಳಿ. ಫ್ರಿಜ್ಜನ್ನು ಗುಜರಿಗೆ ಕೊಡುವ ಮುನ್ನ ಎಕ್ಸ್‌ಚೇಂಜ್ ದರವನ್ನೂ ಕೇಳಿ, ಕೆಟ್ಟು ನಿಂತ ಫ್ರಿಜ್ಜಿಗೂ ಅಂಗಡಿಯವರು ಸಾಮಾನ್ಯವಾಗಿ ಒಂದು ಮೊತ್ತ ಕೊಡುತ್ತಾರೆ. ಆ ಮೊತ್ತವನ್ನು ಹೊಸದರ ಬೆಲೆ ಚೌಕಾಸಿ ಮಾಡಿ ಮುಗಿದ ಮೇಲೆ ಕೇಳಿ, ಮೊದಲೇ ಹೇಳಿದರೆ ಹೊಸದರ ರಿಯಾಯಿತಿಯಲ್ಲೇ ಅದನ್ನು ಸೇರಿಸಿಬಿಡುತ್ತಾರೆ.